ರನ್ನಿಂಗ್ ಬಿಲ್ ತಕರಾರು: ತಿದ್ದಿದ ಅಳತೆಯ ಪತ್ರ

ಕಟ್ಟಡದ ಕೆಲಸ ನಡೆಯುತ್ತಿರುವಾಗಲೇ, ಅಲ್ಲಿಯವರೆಗೆ ಮುಗಿದ ಭಾಗಕ್ಕೆ ಗುತ್ತಿಗೆದಾರ ಸಲ್ಲಿಸುವ ಬಿಲ್ಲೇ ರನ್ನಿಂಗ್ ಬಿಲ್. ಇದರಲ್ಲಿ ಪ್ರತಿ ಕೆಲಸದ ಪ್ರಮಾಣವನ್ನು ಮೊದಲ ದಿನದಿಂದ ಒಟ್ಟುಗೂಡಿಸಿ ಬರೆದು, ಹಿಂದೆ ಪಾವತಿಯಾದ ಹಣವನ್ನು ಕಳೆಯುತ್ತಾರೆ. ಅಳತೆಯ ಬಗ್ಗೆ ಮಾಲೀಕರು ತಕರಾರು ಎತ್ತಿದರೆ, ಇಬ್ಬರೂ ಸೇರಿ ಮತ್ತೆ ಟೇಪು ಹಿಡಿದು ಅಳೆಯಬೇಕು. ಬಂದ ಫಲವನ್ನು ಗುತ್ತಿಗೆದಾರ ಪತ್ರದಲ್ಲಿ ವಿವರಿಸಬೇಕು.

ಗಿಲಾವಿನ ಬಿಲ್ಲುಗಳಲ್ಲಿ ಹೆಚ್ಚಿನ ಜಗಳ ಬಾಗಿಲು, ಕಿಟಕಿಗಳ ಜಾಗವನ್ನು ಎಷ್ಟು ಕಳೆಯಬೇಕು ಎಂಬುದರ ಮೇಲೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಭಾರತೀಯ ಮಾನಕ ಐಎಸ್ 1200ರ 12ನೇ ಭಾಗವನ್ನು ಆಧಾರವಾಗಿ ಹಿಡಿಯಬಹುದು. ಗೋಡೆಯ ಎರಡೂ ಮುಖಕ್ಕೆ ಒಂದೇ ಬಗೆಯ ಗಿಲಾವು ಇದ್ದಾಗ, 0.5 ಚದರ ಮೀಟರ್‌ವರೆಗಿನ ತೆರಪನ್ನು ಕಳೆಯುವುದಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರ್ ಮೀರದ ತೆರಪನ್ನು ಒಂದೇ ಮುಖದಲ್ಲಿ ಕಳೆಯುತ್ತಾರೆ; ಅದರ ಒಳಬದಿಯ ಗಿಲಾವಿಗೆ ಬೇರೆ ಹಣವಿಲ್ಲ. 3 ಚದರ ಮೀಟರ್ ಮೀರಿದರೆ ಎರಡೂ ಮುಖದಲ್ಲಿ ಕಳೆದು, ಒಳಬದಿಗಳನ್ನು ಅಳೆದು ಕೂಡಿಸುತ್ತಾರೆ.

ಒಂದು ಉದಾಹರಣೆ: ಹಾಲ್ ಮತ್ತು ವರಾಂಡದ ನಡುವೆ 8 ಮೀಟರ್ ಉದ್ದ, 3 ಮೀಟರ್ ಎತ್ತರದ ಗೋಡೆಯಿದೆ. ಎರಡೂ ಮುಖ ಸೇರಿ 48 ಚದರ ಮೀಟರ್. ಗುತ್ತಿಗೆದಾರ ಏನನ್ನೂ ಕಳೆಯದೆ ಅಷ್ಟನ್ನೇ ಬಿಲ್ಲಿಗೆ ಬರೆದರು. ಮಾಲೀಕರು ಎಲ್ಲ ತೆರಪುಗಳನ್ನೂ ಎರಡೂ ಮುಖದಲ್ಲಿ ಕಳೆದು 35.28 ಎಂದರು. ಜಂಟಿ ಅಳತೆಯ ನಂತರ ಪತ್ರದಲ್ಲಿ ಬರಬೇಕಾದ ಲೆಕ್ಕ ಹೀಗಿದೆ:

ವೆಂಟಿಲೇಟರ್ 0.6 × 0.6 = 0.36, ಕಳೆಯುವುದಿಲ್ಲ.
ಕಿಟಕಿ 1.5 × 1.2 = 1.80, ಒಂದು ಮುಖ ಮಾತ್ರ, ಕಳೆಯುವುದು 1.80.
ಚೌಕಟ್ಟಿಲ್ಲದ ದಾರಿ 2.0 × 2.1 = 4.20, ಎರಡೂ ಮುಖ, ಕಳೆಯುವುದು 8.40.
ಅದೇ ದಾರಿಯ ಎರಡು ಪಕ್ಕ ಮತ್ತು ಮೇಲ್ಬದಿ, ಒಟ್ಟು 6.2 ಮೀಟರ್ × ಗೋಡೆಯ ದಪ್ಪ 0.2, ಕೂಡಿಸುವುದು 1.24.
ತಿದ್ದಿದ ಪ್ರಮಾಣ 39.04 ಚದರ ಮೀಟರ್.

ದರ ಚದರ ಮೀಟರಿಗೆ 300 ರೂಪಾಯಿ ಎಂದುಕೊಂಡರೆ, 14,400 ರೂಪಾಯಿಯ ಬಾಬ್ತು 11,712ಕ್ಕೆ ಇಳಿಯುತ್ತದೆ. ಮಾಲೀಕರ ಲೆಕ್ಕದಲ್ಲಿ ಅದು 10,584 ಆಗಿತ್ತು. ಪತ್ರ ಮೂರು ಅಂಕಿಗಳನ್ನೂ ಒಟ್ಟಿಗೆ ಇಟ್ಟು, ಒಂದೊಂದು ವ್ಯತ್ಯಾಸಕ್ಕೂ ಕಾರಣ ಹೇಳಬೇಕು. “ಪರಿಶೀಲಿಸಿ ಸರಿಪಡಿಸಲಾಗಿದೆ” ಎಂದಷ್ಟೇ ಬರೆದರೆ ಯಾವ ತೆರಪಿನ ಲೆಕ್ಕ ಬದಲಾಯಿತೆಂದು ಮಾಲೀಕರಿಗೆ ತಿಳಿಯದು. ತಕರಾರು ಹಾಗೆಯೇ ಉಳಿಯುತ್ತದೆ.

ಪತ್ರದ ತಲೆಯಲ್ಲಿ ಕೆಲಸದ ಹೆಸರು, ಬಿಲ್ ಸಂಖ್ಯೆ, ತಕರಾರು ಪತ್ರದ ದಿನಾಂಕ, ಜಂಟಿ ಅಳತೆಯ ದಿನಾಂಕ ಮತ್ತು ಹಾಜರಿದ್ದವರ ಹೆಸರು ಇರಬೇಕು. ಇಬ್ಬರೂ ಸಹಿ ಹಾಕಿದ ಅಳತೆ ಹಾಳೆಯನ್ನು ಲಗತ್ತಿಸಬೇಕು. ಅಳತೆ ಪುಸ್ತಕದಲ್ಲಿ ಹಳೆಯ ಅಂಕಿಯನ್ನು ಅಳಿಸಬಾರದು. ಓದಲು ಬರುವಂತೆ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಚುಟುಕು ಸಹಿ ಮಾಡಬೇಕು.

ಹಳೆಯ ಬಿಲ್ಲಿನ ಹಣ ಆಗಲೇ ಪಾವತಿಯಾಗಿದ್ದರೆ ಅದನ್ನು ಹಿಂದಿರುಗಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಮುಂದಿನ ಬಿಲ್ಲಿನಲ್ಲಿ 48ರ ಬದಲು 39.04 ಬರೆದರೆ, ಹೆಚ್ಚು ಸಂದ 2,688 ರೂಪಾಯಿ ಅಲ್ಲೇ ವಜಾ ಆಗುತ್ತದೆ. ಪಾವತಿ ಆಗಿಲ್ಲದಿದ್ದರೆ, ತಕರಾರಿಲ್ಲದ ಬಾಬ್ತುಗಳ ಹಣವನ್ನು ತಡೆಯದೆ ಕೊಡುವಂತೆ ಪತ್ರದ ಕೊನೆಯಲ್ಲಿ ಕೋರಬಹುದು.