ಕೊಯ್ಯುವ ಮುನ್ನವೇ ಕೊಳ್ಳುವವರು

ಬೆಂಗಳೂರಿನ ರಸ್ತೆಬದಿಯ ಹಸಿರು ಹಾಪ್‌ಕಾಮ್ಸ್ ಮಳಿಗೆಗಳ ಹಿಂದೆ ದ್ರಾಕ್ಷಿಯ ಕಥೆಯಿದೆ. ಮಾವು, ಬಾಳೆಗಳನ್ನು ಕಾಯಿಯಿದ್ದಾಗಲೇ ಕಿತ್ತು ಮನೆಯಲ್ಲಿ ಹಣ್ಣು ಮಾಡಬಹುದು. ದ್ರಾಕ್ಷಿ ಹಾಗಲ್ಲ, ಬಳ್ಳಿಯಿಂದ ಕಿತ್ತ ಮೇಲೆ ಅದು ಸಿಹಿಯಾಗುವುದಿಲ್ಲ. ಪೂರಾ ಹಣ್ಣಾದ ಮೇಲೆಯೇ ಕೊಯ್ಯಬೇಕು, ಕೊಯ್ದ ಮೇಲೆ ಬೇಗ ಮಾರಲೇಬೇಕು. ಬೆಳೆಗಾರನ ಈ ಅವಸರ ಮಂಡಿಯವರಿಗೂ ಗೊತ್ತಿರುತ್ತದೆ. ಹಣ್ಣನ್ನು ವಾಪಸು ಒಯ್ಯಲಾಗದವನು ಅವರು ಹೇಳಿದ ರೇಟಿಗೆ ಒಪ್ಪುತ್ತಾನೆ.

1959ರಲ್ಲಿ ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಮುಂದೆ ಅದೇ ಸಂಘ ಎಲ್ಲ ಹಣ್ಣು, ತರಕಾರಿಗಳನ್ನೂ ಸೇರಿಸಿಕೊಂಡು ಹಾಪ್‌ಕಾಮ್ಸ್ ಆಯಿತು. ದಲ್ಲಾಳಿಯನ್ನು ಬಿಟ್ಟದ್ದಕ್ಕಿಂತ ಅವನ ಕೆಲಸವನ್ನು ಸಂಘ ತಾನೇ ವಹಿಸಿಕೊಂಡದ್ದು ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ದಲ್ಲಾಳಿ ಕಮಿಷನ್ ಪಡೆಯುತ್ತಾನೆ ನಿಜ, ಆದರೆ ಇಡೀ ಸರಕನ್ನು ಒಂದೇ ಏಟಿಗೆ ಸಾಗಹಾಕುವವನೂ ಅವನೇ. ಸಂಜೆ ಉಳಿದು ಕೊಳೆಯುವ ಮಾಲಿನ ಚಿಂತೆ ಆಮೇಲೆ ರೈತನದಲ್ಲ. ಸಂಘ ಇದಕ್ಕೆ ಕಂಡುಕೊಂಡ ದಾರಿ ಇಂಡೆಂಟ್. ನಾಳೆಗೆ ಏನೇನು, ಎಷ್ಟೆಷ್ಟು ಬೇಕು ಎಂದು ಮಳಿಗೆಗಳು ಮೊದಲೇ ತಿಳಿಸುತ್ತವೆ, ಖರೀದಿ ಅದನ್ನು ನೋಡಿ ನಡೆಯುತ್ತದೆ.

ಇಂದು ವಾರದ ಸಂತೆಗೋ ಅಪಾರ್ಟ್‌ಮೆಂಟಿನ ಗೇಟಿಗೋ ತಾನೇ ಟೆಂಪೊ ತರುವ ರೈತನಿಗೆ ಬೇಕಾದದ್ದು ಇದೇ ಲೆಕ್ಕ. ಒಬ್ಬರು 200 ಕೆ.ಜಿ. ಟೊಮೆಟೊ ಕೊಯ್ದರು ಎಂದಿಟ್ಟುಕೊಳ್ಳಿ. ಮಂಡಿಗೆ ಹಾಕಿದರೆ ಖರ್ಚು ಕಳೆದು ಕೆ.ಜಿ.ಗೆ 12 ರೂಪಾಯಿಯಂತೆ 2,400 ಕೈಗೆ ಬರುತ್ತದೆ. ಮನೆಗಳಿಗೆ 25ರಂತೆ ಮಾರುತ್ತಾರೆ, ಗಾಡಿ ಬಾಡಿಗೆ 800. 150 ಕೆ.ಜಿ. ಪೂರ್ತಿ ಬೆಲೆಗೆ ಹೋಗಿ, ಇನ್ನು 30 ಕೆ.ಜಿ. ಸಂಜೆ 15ರಂತೆ ಹೋಗಿ, 20 ಕೆ.ಜಿ. ಕೊಳೆತರೂ ಬಾಡಿಗೆ ಕಳೆದು 3,400 ಉಳಿಯುತ್ತದೆ. ಅದೇ ಮಳೆ ಬಂದು 100 ಕೆ.ಜಿ. ಮಾತ್ರ 25ಕ್ಕೆ ಹೋಗಿ, 40 ಕೆ.ಜಿ.ಯನ್ನು ಹತ್ತತ್ತು ರೂಪಾಯಿಗೆ ಕೊಡಬೇಕಾಗಿ ಬಂದರೆ ಕೈಗೆ ಸಿಗುವುದು 2,100. ಬೆಲೆ ಮಂಡಿಯ ಎರಡರಷ್ಟಿದ್ದರೂ ನಷ್ಟವೇ, ದಿನವಿಡೀ ನಿಂತ ಕೂಲಿ ಬೇರೆ. ಲಾಭ, ನಷ್ಟ ತೀರ್ಮಾನವಾಗುವುದು ಎಷ್ಟು ಮಾಲು ಉಳಿಯಿತು ಎಂಬುದರ ಮೇಲೆ.

ಉಳಿಕೆಯನ್ನು ತಡೆಯುವ ಕೆಲಸ ತೋಟದಲ್ಲೇ ಶುರುವಾಗಬೇಕು. ಟೊಮೆಟೊ ಕಿತ್ತ ಮೇಲೂ ಹಣ್ಣಾಗುವ ಜಾತಿ, ಹಾಗಾಗಿ ಎಲ್ಲವನ್ನೂ ಕೆಂಪಾಗಲು ಬಿಡಬೇಕಾಗಿಲ್ಲ. ಅಂದೇ ಮಾರುವಷ್ಟು ಕೆಂಪು, ಉಳಿದದ್ದು ದೋರಗಾಯಿ ಇದ್ದರೆ ಮಾರದೆ ಉಳಿದದ್ದು ಮುಂದಿನ ಸಂತೆಗೆ ಆಗುತ್ತದೆ. ಬಿಸಿಲೇರುವ ಮೊದಲೇ ಕೊಯ್ದು ನೆರಳಿಗೆ ಹಾಕಬೇಕು. ಕಾಯಿಯೊಳಗೆ ಕೂತ ಬಿಸಿಲಿನ ಕಾವು ಅದನ್ನು ಬೇಗ ಮೆತ್ತಗಾಗಿಸುತ್ತದೆ. ತೊಟ್ಟು ಬಿಡಿಸದೆ ಕ್ರೇಟಿಗೆ ತುಂಬಿದರೆ ಒಂದರ ತೊಟ್ಟು ಇನ್ನೊಂದನ್ನು ಚುಚ್ಚುತ್ತದೆ, ಆ ಗಾಯದಿಂದಲೇ ಕೊಳೆ ಹತ್ತುತ್ತದೆ. ಒದ್ದೆ ಕಾಯಿಯನ್ನು ತುಂಬುವುದೂ ಅಷ್ಟೇ ಕೆಟ್ಟದ್ದು. ಸೊಪ್ಪಿನ ಕಷ್ಟ ಬೇರೆ: ಅದು ಕೊಳೆಯುವ ಮೊದಲು ಬಾಡುತ್ತದೆ. ಒದ್ದೆ ಗೋಣಿಚೀಲದ ನೆರಳು ಅದಕ್ಕೆ ಬೇಕೇ ಬೇಕು.

ಎರಡು ಸಂತೆಗಳ ನಡುವೆ ಮಾಲು ಇಡಲು ಕೋಲ್ಡ್ ಸ್ಟೋರೇಜ್ ಇಲ್ಲದವರಿಗಾಗಿ 1980ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕರೆಂಟ್ ಬೇಡದ ಒಂದು ತಂಪು ಕೋಣೆ ರೂಪುಗೊಂಡಿತು. ಇಟ್ಟಿಗೆಯ ಎರಡು ಗೋಡೆ, ನಡುವೆ ಸುಮಾರು 7.5 ಸೆಂ.ಮೀ. ಸಂದು, ಆ ಸಂದಿನ ತುಂಬ ನದಿಯ ಮರಳು. ಮರಳನ್ನು ಬೆಳಿಗ್ಗೆ, ಸಂಜೆ ನೆನೆಸಿ, ಮೇಲೆ ಒದ್ದೆ ಹುಲ್ಲಿನ ಮುಚ್ಚಳ ಹಾಕಿ, ಎಲ್ಲಕ್ಕೂ ನೆರಳಿನ ಚಪ್ಪರ ಕಟ್ಟಬೇಕು. ಸುಮಾರು 100 ಕೆ.ಜಿ. ತರಕಾರಿ ಹಿಡಿಯುತ್ತದೆ. ನೀರು ಆವಿಯಾಗುವಾಗ ಕಾವನ್ನು ಎಳೆದುಕೊಳ್ಳುವುದರಿಂದ ಕಡುಬೇಸಿಗೆಯಲ್ಲಿ ಒಳಗಿನ ತಾಪ ಹೊರಗಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ಆದರೆ ಇದು ಒಣಗಾಳಿಯ ಕೋಲಾರ, ಕಲಬುರಗಿಗಳಿಗೆ ಹೇಳಿಮಾಡಿಸಿದ್ದು. ಕರಾವಳಿಯಲ್ಲಿ, ಅಥವಾ ಎಲ್ಲೇ ಆಗಲಿ ಮಳೆಗಾಲದಲ್ಲಿ, ಗಾಳಿಯೇ ತೇವವಾಗಿರುವಾಗ ಆವಿಯಾಗುವುದು ಕಡಿಮೆ, ತಂಪೂ ಕಡಿಮೆ. ಒಂದು ಕೊಳೆತ ಕಾಯಿ ಒಳಗಿದ್ದರೂ ಆ ತೇವದಲ್ಲಿ ಬೂಷ್ಟು ಬೇಗ ಹರಡುತ್ತದೆ. ದಿನವೂ ತೆಗೆದು ನೋಡಿ ಆರಿಸಲೇಬೇಕು.

ಕೊನೆಗೂ ಉಳಿದದ್ದನ್ನು ಸಂತೆಯ ಸಂಜೆ ಗುಡ್ಡೆ ಹಾಕಿ ಮಾರುವುದುಂಟು. ಸ್ವಲ್ಪ ಮೆತ್ತಗಾದ ಟೊಮೆಟೊ ತಿಳಿಸಾರಿಗೆ ಚೆನ್ನಾಗಿಯೇ ಆಗುತ್ತದೆ. ಆದರೆ ಪ್ರತಿ ಸಂತೆಯಲ್ಲೂ ಆರು ಗಂಟೆಗೇ ಬೆಲೆ ಇಳಿಸಿದರೆ ಗಿರಾಕಿಗಳು ಆರು ಗಂಟೆಗೇ ಬರಲು ಕಲಿಯುತ್ತಾರೆ.

ರೈತರಿಂದ ನೇರ ಕೊಳ್ಳುವ ಮನೆಯವರಲ್ಲಿ ಒಂದು ಕೋರಿಕೆ. ಭಾನುವಾರಕ್ಕೆ ಬೇಕಾದದ್ದನ್ನು ಶುಕ್ರವಾರವೇ ವಾಟ್ಸ್‌ಆ್ಯಪ್‌ನಲ್ಲಿ ಹೇಳಿಬಿಡಿ, ಹೇಳಿದ್ದನ್ನು ಮರೆಯದೆ ಒಯ್ಯಿರಿ. ಅಷ್ಟನ್ನೇ ಅವರು ಶನಿವಾರ ಕೊಯ್ಯುತ್ತಾರೆ.