ಐದು ಲಾರಿ, ಒಬ್ಬ ಮೆಕ್ಯಾನಿಕ್

ಶೆಡ್ಡಿನಲ್ಲಿ ಮೆಕ್ಯಾನಿಕ್ ಸುಮ್ಮನೆ ಕೂತಿದ್ದರೆ ಲಾರಿ ಮಾಲೀಕರ ಕಣ್ಣು ಕುಕ್ಕುತ್ತದೆ. ಒಂದು ಲಾರಿಯ ಗೇರ್‌ಬಾಕ್ಸ್ ಇಳಿಸಿಟ್ಟಿರುವಾಗಲೇ ಇನ್ನೊಂದು ಕೆಟ್ಟು ಬಂದು ಗೇಟಿನ ಬಳಿ ನಿಂತರೆ ಅದೇ ಮಾಲೀಕರು ‘ಒಬ್ಬ ಸಾಲದು’ ಅನ್ನುತ್ತಾರೆ. ಹಾಗಾದರೆ ಒಬ್ಬ ಮೆಕ್ಯಾನಿಕ್ ಎಷ್ಟು ಲಾರಿ ನಿಭಾಯಿಸಬಲ್ಲ? ಇದಕ್ಕೊಂದು ಲೆಕ್ಕವಿದೆ. ಸ್ವಯಂಚಾಲಿತ ಯಂತ್ರಗಳಿಗೆ ಎಷ್ಟು ರಿಪೇರಿಗಾರರು ಬೇಕು ಎಂಬ ಪ್ರಶ್ನೆಗೆ ಸ್ವೀಡನ್ನಿನ ಕಾನ್ನಿ ಪಾಮ್ 1947ರಲ್ಲೇ ಈ ದಾರಿ ತೋರಿಸಿದ್ದರು.

ಐದು ಲಾರಿಗಳಿವೆ ಎಂದುಕೊಳ್ಳಿ. ಒಂದೊಂದೂ ಸರಾಸರಿ 20 ದಿನ ಓಡಿ ಒಮ್ಮೆ ಕೆಡುತ್ತದೆ. ರಿಪೇರಿಗೆ ಸರಾಸರಿ 2 ದಿನ ಬೇಕು. 2ನ್ನು 20ರಿಂದ ಭಾಗಿಸಿದರೆ 0.1. ಇಡೀ ಲೆಕ್ಕ ಈ ಒಂದು ಸಂಖ್ಯೆಯ ಮೇಲೆ ನಿಂತಿದೆ.

ಮೊದಲು, ಒಂದೂ ಕೆಡದೆ ಇರುವ ಸ್ಥಿತಿಗೆ 1 ಎಂಬ ತೂಕ ಕೊಡಿ. ಆಗ ಐದೂ ಓಡುತ್ತಿರುವುದರಿಂದ ಯಾವುದು ಬೇಕಾದರೂ ಕೆಡಬಹುದು. ಹಾಗಾಗಿ ಒಂದು ಕೆಟ್ಟಿರುವ ಸ್ಥಿತಿಯ ತೂಕ 1 × 5 × 0.1, ಅಂದರೆ 0.5. ಈಗ ಓಡುತ್ತಿರುವವು ನಾಲ್ಕೇ. ಎರಡು ಕೆಟ್ಟಿರುವ ತೂಕ 0.5 × 4 × 0.1, ಅಂದರೆ 0.2. ಹೀಗೆಯೇ ಮುಂದಿನವು 0.06, 0.012, 0.0012. ಎಲ್ಲ ಕೂಡಿದರೆ 1.7732. ಒಂದೊಂದು ತೂಕವನ್ನೂ ಈ ಮೊತ್ತದಿಂದ ಭಾಗಿಸಿದರೆ ಆ ಸ್ಥಿತಿ ಎಷ್ಟು ಕಾಲ ಇರುತ್ತದೆಂದು ತಿಳಿಯುತ್ತದೆ. ನೂರು ದಿನಗಳಲ್ಲಿ ಸುಮಾರು 56 ದಿನ ಶೆಡ್ ಖಾಲಿ, 28 ದಿನ ಒಂದು ಲಾರಿ, 11 ದಿನ ಎರಡು; ಉಳಿದ ನಾಲ್ಕೈದು ದಿನ ಮೂರು ಅಥವಾ ಅದಕ್ಕಿಂತ ಹೆಚ್ಚು.

ಅಂದರೆ ಮೆಕ್ಯಾನಿಕ್ ಕೈಗೆ ಕೆಲಸವಿರುವುದು ಶೇ 44ರಷ್ಟು ಕಾಲ. ಕೆಟ್ಟು ನಿಂತಿರುವ ಲಾರಿಗಳು ಸರಾಸರಿ 0.64, ಓಡುತ್ತಿರುವವು 4.36. ಅರ್ಧಕ್ಕಿಂತ ಹೆಚ್ಚು ಕಾಲ ಆತ ಬಿಡುವಾಗಿದ್ದರೂ, ಕೆಟ್ಟ ಲಾರಿ ಮತ್ತೆ ರಸ್ತೆಗಿಳಿಯಲು 2 ದಿನವಲ್ಲ, ಸುಮಾರು 2.9 ದಿನ ಹಿಡಿಯುತ್ತದೆ. ಹೆಚ್ಚಿನ 0.9 ದಿನ ಸರದಿ ಕಾಯುವುದರಲ್ಲಿ ಕಳೆಯುತ್ತದೆ. ಲಾರಿಗಳು ಒಂದನ್ನೊಂದು ಕೇಳಿಕೊಂಡು ಕೆಡುವುದಿಲ್ಲವಲ್ಲ.

‘ಅರ್ಧ ಹೊತ್ತು ಖಾಲಿ ಇರುತ್ತಾನೆ, ಹತ್ತು ಲಾರಿ ನೋಡಿಕೊಳ್ಳಲಿ’ ಎಂದರೆ? ಅಂಗಡಿಯ ಗಿರಾಕಿಗಳಿಗೆ ಹೊಂದುವ ಸಾಮಾನ್ಯ ಸರದಿ ಸೂತ್ರದ ಪ್ರಕಾರ ಸಾಲು ಕೊನೆಯೇ ಇಲ್ಲದೆ ಬೆಳೆಯಬೇಕು: ಎರಡು ದಿನಕ್ಕೊಂದು ಲಾರಿ ಕೆಡುತ್ತದೆ, ಒಂದಕ್ಕೆ ಎರಡು ದಿನದ ಕೆಲಸ. ನಿಜದಲ್ಲಿ ಹಾಗಾಗದು. ಶೆಡ್ಡಿನಲ್ಲಿ ನಿಂತ ಲಾರಿ ಮತ್ತೆ ಕೆಡಲಾರದು. ಸಾಲು ಬೆಳೆದಂತೆ ಹೊಸದಾಗಿ ಕೆಡುವವೂ ಕಡಿಮೆಯಾಗುತ್ತವೆ. ಮೇಲಿನ ಲೆಕ್ಕವನ್ನೇ ಹತ್ತಕ್ಕೆ ಮಾಡಿದರೆ ಮೆಕ್ಯಾನಿಕ್ ದುಡಿಯುವುದು ಶೇ 79 ಕಾಲ, ನಿಂತಿರುವ ಲಾರಿ ಸರಾಸರಿ 2.15. ಲಾರಿ ಎರಡು ಪಟ್ಟಾದರೆ ನಿಂತವು ಮೂರು ಪಟ್ಟು ಮೀರಿದವು. ಒಂದು ಕೆಟ್ಟರೆ ಹೊರಬರಲು ಐದೂವರೆ ದಿನ.

ಇಬ್ಬರನ್ನಿಟ್ಟು ತಲಾ ಐದು ಲಾರಿ ಹಂಚಿದರೆ ನಿಂತಿರುವವು ಒಟ್ಟು 1.28. ಹಂಚದೆ, ಯಾರ ಕೈ ಬಿಡುವೋ ಅವರು ಮುಂದಿನ ಲಾರಿ ಹಿಡಿಯಲಿ ಎಂದರೆ 1.04. ಒಂದು ಪೈಸೆ ಖರ್ಚಿಲ್ಲದ ಲಾಭ ಇದು.

ಎಡವುವುದು ಹೆಚ್ಚಾಗಿ 20 ದಿನ ಎಂಬ ಸಂಖ್ಯೆಯಲ್ಲೇ. ವರ್ಷಕ್ಕೆ 300 ದಿನದಂತೆ ಐದು ಲಾರಿಗೆ 1500 ದಿನವಾಯಿತು, 65 ಸಲ ಕೆಟ್ಟಿತು, ಹಾಗಾಗಿ 23 ದಿನಕ್ಕೊಮ್ಮೆ ಎಂದು ಭಾಗಿಸುವವರಿದ್ದಾರೆ. ಶೆಡ್ಡಿನಲ್ಲಿ ನಿಂತ ಸುಮಾರು 190 ದಿನ ಕಳೆದು, ಓಡಿದ ದಿನಗಳನ್ನಷ್ಟೇ ಭಾಗಿಸಬೇಕು. ಆಗ 20 ಬರುತ್ತದೆ. ಇನ್ನೊಂದು ಮಿತಿಯೂ ಇದೆ. ರಿಪೇರಿ ಸಮಯ ಒಂದೇ ಸಮನಾಗಿರದೆ, ಬಹಳಷ್ಟು ಚಿಕ್ಕವು ಮತ್ತು ಆಗೊಮ್ಮೆ ಈಗೊಮ್ಮೆ ತೀರಾ ದೊಡ್ಡದು ಎಂಬ ಹಂಚಿಕೆಯನ್ನು ಈ ಲೆಕ್ಕ ನಂಬಿಕೊಂಡಿದೆ. ಎಲ್ಲ ರಿಪೇರಿಯೂ ಹೆಚ್ಚುಕಡಿಮೆ ಎರಡೇ ದಿನದ್ದಾದರೆ ಕಾಯುವಿಕೆ ಇದಕ್ಕಿಂತ ಕಡಿಮೆಯಾಗುತ್ತದೆ.

ಒಂದು ತಿಂಗಳು ನಿಮ್ಮ ಪುಸ್ತಕದಲ್ಲಿ ಮೂರು ಹೊತ್ತು ಬರೆದಿಡಿ: ಲಾರಿ ಶೆಡ್ಡಿಗೆ ಬಂದದ್ದು, ಮೆಕ್ಯಾನಿಕ್ ಕೈ ಹಚ್ಚಿದ್ದು, ಲಾರಿ ಹೊರಟದ್ದು. ಐದರಲ್ಲಿ ಸರಾಸರಿ ಒಂದೂವರೆ ಲಾರಿ ನಿಂತಿದ್ದು, ಮೆಕ್ಯಾನಿಕ್ ಮಾತ್ರ ಶೇ 35 ಕಾಲವಷ್ಟೇ ದುಡಿದಿದ್ದರೆ ನಿಮಗೆ ಬೇಕಿರುವುದು ಇನ್ನೊಬ್ಬ ಮೆಕ್ಯಾನಿಕ್ ಅಲ್ಲ. ಲಾರಿಗಳು ಕಾಯುತ್ತಿರುವುದು ಬಿಡಿಭಾಗಕ್ಕೆ.