ಮೊನ್ನೆವರೆಗೆ ಹೇಗಿದ್ದರು?

ಸೊಂಟದ ಮೂಳೆ ಮುರಿದು ಆಪರೇಷನ್ ಆಗಿರುವ 78 ವರ್ಷದ ಅಜ್ಜಿಯೊಬ್ಬರ ಉದಾಹರಣೆ ತೆಗೆದುಕೊಳ್ಳೋಣ. ಮೂರನೇ ದಿನ ರಾತ್ರಿ ಅವರು ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಾರೆ, ‘ಹಸು ಕಟ್ಟಬೇಕು, ಬಿಡಿ’ ಎಂದು ಡ್ರಿಪ್ ಕೀಳಲು ಹೋಗುತ್ತಾರೆ. ‘ವಯಸ್ಸಾಯ್ತಲ್ಲ, ಅರಳುಮರಳು’ ಎಂದು ನೋಡಲು ಬಂದ ನೆಂಟರು ಸಮಾಧಾನ ಹೇಳುತ್ತಾರೆ. ಇದು ಡಿಮೆನ್ಷಿಯಾವೋ, ಡೆಲಿರಿಯಮ್ಮೋ? ಮೂರು ವಿಷಯ ವಿಚಾರಿಸಿದರೆ ಸುಳಿವು ಸಿಗುತ್ತದೆ.

ಮೊದಲನೆಯದು, ಯಾವಾಗಿನಿಂದ ಹೀಗೆ? ‘ಬೀಳೋವರೆಗೂ ಡೈರಿ ಹಾಲಿನ ಲೆಕ್ಕ ಅಮ್ಮನೇ ನೋಡ್ಕೋತಿದ್ರು’ ಎನ್ನುತ್ತಾಳೆ ಮಗಳು. ಡಿಮೆನ್ಷಿಯಾದ ಮರೆವು ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬೆಳೆಯುತ್ತದೆ. ಡೆಲಿರಿಯಂ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವೇ ದಿನಗಳಲ್ಲಿ ಎರಗುತ್ತದೆ.

ಎರಡನೆಯದು, ಗಮನ. ವಾರಗಳನ್ನು ಹಿಂದಿನಿಂದ ಹೇಳಿ ಎಂದು ವೈದ್ಯರು ಕೇಳುತ್ತಾರೆ. ‘ಭಾನುವಾರ, ಶನಿವಾರ, ಶುಕ್ರವಾರ...’ ಅಷ್ಟಕ್ಕೇ ಅಜ್ಜಿಯ ಕಣ್ಣು ಫ್ಯಾನಿನತ್ತ ಹೊರಳುತ್ತದೆ. ಏನು ಕೇಳಿದ್ದರು ಎಂಬುದೇ ಮನಸ್ಸಿನಿಂದ ಜಾರಿರುತ್ತದೆ. ಆರಂಭದ ಹಂತದ ಡಿಮೆನ್ಷಿಯಾದವರು ಬೆಳಗಿನ ತಿಂಡಿ ಮರೆತರೂ ಇಂಥ ಸಣ್ಣ ಕೆಲಸದ ಮೇಲೆ ಸಾಮಾನ್ಯವಾಗಿ ಮನಸ್ಸು ನಿಲ್ಲಿಸಬಲ್ಲರು.

ಮೂರನೆಯದು, ಏರಿಳಿತ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ವೈದ್ಯರ ಜೊತೆ ಅಜ್ಜಿ ಸರಿಯಾಗಿಯೇ ಮಾತಾಡಿದ್ದರು. ಮಧ್ಯಾಹ್ನ ಮಂಪರು, ರಾತ್ರಿ ಗಲಿಬಿಲಿ. ಒಂದೇ ಸಲ ನೋಡಿದವರಿಗೆ ಇದು ತಿಳಿಯದು. ಇಡೀ ದಿನ ಪಕ್ಕದಲ್ಲಿ ಕೂತವರಿಗೂ ರಾತ್ರಿ ಪಾಳಿಯ ನರ್ಸ್‌ಗೂ ತಿಳಿಯುತ್ತದೆ.

ಮೂರೂ ಡೆಲಿರಿಯಂ ಕಡೆಗೇ ಬೆರಳು ತೋರಿದಾಗ ಕಾರಣ ಹುಡುಕಬೇಕು. ಮೂತ್ರದ ನಳಿಕೆ ತೆಗೆದ ಮೇಲೆ ಅಜ್ಜಿಗೆ ಮೂತ್ರ ಸರಿಯಾಗಿ ಹೋಗಿರಲಿಲ್ಲ; ಸ್ಕ್ಯಾನ್‌ನಲ್ಲಿ ಮೂತ್ರಕೋಶ ತುಂಬಿರುವುದು ಕಾಣುತ್ತದೆ. ನಿದ್ದೆಗೆಂದು ಹೊಸ ಮಾತ್ರೆಯೂ ಶುರುವಾಗಿತ್ತು. ಮೂತ್ರ ಖಾಲಿ ಮಾಡಿಸಿ, ಮಾತ್ರೆ ನಿಲ್ಲಿಸಿ, ಕನ್ನಡಕ ಹಾಕಿಸಿದ ಮೇಲೆ ಅಜ್ಜಿ ದಿನದಿಂದ ದಿನಕ್ಕೆ ತಿಳಿಯಾಗುತ್ತಾರೆ. ಬೇರೆಯವರಲ್ಲಿ ಸೋಂಕು, ನೋವು, ಮಲಬದ್ಧತೆ ಅಥವಾ ರಕ್ತದಲ್ಲಿ ಸೋಡಿಯಂ ಇಳಿದದ್ದು ಕಾರಣವಾಗಬಹುದು. ಪೂರ್ತಿ ಸುಧಾರಿಸಲು ಕೆಲವರಿಗೆ ವಾರಗಳೇ ಬೇಕು.

ಗಲಾಟೆ ಮಾಡುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಊಟ ಬೇಡವೆಂದು ಸುಮ್ಮನೆ ಮಂಪರಿನಲ್ಲಿ ಮಲಗಿರುವವರಿಗೂ ಡೆಲಿರಿಯಂ ಇರಬಹುದು. ‘ಪಾಪ, ಸುಸ್ತಾಗಿದೆ’ ಎಂದು ಬಿಟ್ಟುಬಿಡುವುದು ಇವರನ್ನೇ.

ಎರಡೂ ಒಟ್ಟಿಗೆ ಇರುವುದೂ ಉಂಟು. ಮೊದಲೇ ಡಿಮೆನ್ಷಿಯಾ ಇದ್ದವರಿಗೆ ಡೆಲಿರಿಯಂ ಬೇಗ ಬರುತ್ತದೆ. ಲೆವಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾದಲ್ಲಿ ಏರಿಳಿತ ಸಹಜ. ಡಿಮೆನ್ಷಿಯಾ ಬಲಿತವರಲ್ಲಿ ಗಮನವೂ ಕುಂದಿರುತ್ತದೆ. ಆಗ ಉಳಿಯುವ ಗಟ್ಟಿ ಆಧಾರ, ಮೊನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಎಂಬ ಮನೆಯವರ ಮಾತು. ಆದ್ದರಿಂದ ‘ಅಮ್ಮ ಹೀಗಿರಲಿಲ್ಲ, ನಿನ್ನೆ ಸಂಜೆಯಿಂದ ಹೀಗಾಗಿದೆ’ ಎಂದು ವೈದ್ಯರಿಗೆ ಹೇಳಿ, ಬರೆದುಕೊಳ್ಳುವಂತೆ ಕೇಳಿ.